ಹುತ್ತರಿಗೆ ಮಾವನಿಗೆ ಕೊಟ್ಟ ಶೂ ದೊಡ್ಡದಾಯ್ತು, ಅಂಗಡಿಯವರಿಗೆ ಪತ್ರ ಹೇಗೆ ಬರೆಯಲಿ?

ಕಾವೇರಿ ತೀರ (ಸೋಮವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಾನಿರೋದು ಮೈಸೂರಲ್ಲಿ, ಊರು ನಾಪೋಕ್ಲು ಹತ್ತಿರ. ನನ್ನ ಸೋದರಮಾವ ಕಾಫಿ ಎಸ್ಟೇಟಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದು ಈ ವರ್ಷ ಕೆಲಸ ಬಿಟ್ಟರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಅವರೇ. ಅವರ ಕಾಲಲ್ಲಿ ನಾನು ನೋಡಿರೋದು ಗಂಬೂಟು, ಇಲ್ಲದಿದ್ದರೆ ರಬ್ಬರ್ ಚಪ್ಪಲಿ. ಹಾಗಾಗಿ ಹುತ್ತರಿಗೆ ಒಂದು ಒಳ್ಳೆ ಶೂ ಕೊಡಬೇಕು ಅಂತ ವಿರಾಜಪೇಟೆಯ ಒಂದು ಅಂಗಡಿಯಲ್ಲಿ ಕಪ್ಪು ಚರ್ಮದ ಲೇಸ್ ಶೂ ತೆಗೆದೆ, 1,890 ರೂಪಾಯಿ. ಸೈಜ್ ಗೊತ್ತಾಗಲಿ ಅಂತ ಅವರ ಗಂಬೂಟಿನ ಅಡಿ ನೋಡಿದ್ದೆ, 9 ಅಂತಿತ್ತು. ಶೂವೂ 9 ತೆಗೆದೆ.

ಹಬ್ಬದ ದಿನ ಹಾಕಿ ನೋಡಿದರೆ ನಡೆಯುವಾಗ ಹಿಮ್ಮಡಿ ಮೇಲೆದ್ದು ಬರ್ತಾ ಇದೆ. ಮಾವ ಮಾತ್ರ "ಸರಿ ಇದೆ ಮಗಾ, ದಪ್ಪ ಕಾಲುಚೀಲ ಹಾಕಿದ್ರೆ ಆಯ್ತು" ಅಂತಾರೆ. ಅವರು ಹಾಕಲ್ಲ, ಬೀರು ಮೇಲೆ ಇಟ್ಟುಬಿಡ್ತಾರೆ ಅಂತ ನನಗೆ ಗೊತ್ತು.

ತೆಗೆದು ಇವತ್ತಿಗೆ 11 ದಿನ. ಬಿಲ್ಲಿನ ಅಡಿಯಲ್ಲಿ "ಬಳಸದೆ ಇದ್ದಲ್ಲಿ 7 ದಿನದೊಳಗೆ ಬದಲಾಯಿಸಿಕೊಡಲಾಗುವುದು" ಅಂತ ಇದೆ. ಆದರೆ ತೆಗೆಯುವಾಗ ಇದು ಹುತ್ತರಿಗೆ ಕೊಡೋದು ಅಂತ ಹೇಳಿದ್ದೆ, ಅಲ್ಲಿದ್ದ ಹುಡುಗ "ಹಬ್ಬ ಆದ್ಮೇಲೆ ತನ್ನಿ ಅಕ್ಕಾ, ಪರವಾಗಿಲ್ಲ" ಅಂದಿದ್ದ. ನನಗೆ ಈಗ ರಜೆ ಇಲ್ಲ, ಮಾವನೇ ಹೋಗಬೇಕು. ಅವರು ಯಾರ ಹತ್ತಿರವೂ ಏನೂ ಕೇಳುವವರಲ್ಲ, ಅಂಗಡಿಯವರು ಒಂದು ಮಾತು ಜೋರಾಗಿ ಅಂದರೆ ಸಾಕು, ವಾಪಸ್ ಬಂದುಬಿಡ್ತಾರೆ. ಅದಕ್ಕೇ ಮಾಲೀಕರಿಗೆ ಒಂದು ಪತ್ರ ಬರೆದು ಮಾವನ ಕೈಲಿ ಕೊಡೋಣ ಅಂತ. ಬರೆದದ್ದು ಇಷ್ಟು:

"ಮಾನ್ಯರೇ, ನಾನು ನಿಮ್ಮ ಅಂಗಡಿಯಲ್ಲಿ ಶೂ ತೆಗೆದುಕೊಂಡಿದ್ದೆ. ಸೈಜ್ ಸರಿಯಾಗಲಿಲ್ಲ. ಶೂ ಬಳಸಿಲ್ಲ. ದಯವಿಟ್ಟು ಬದಲಾಯಿಸಿ ಕೊಡಬೇಕಾಗಿ ವಿನಂತಿ."

ಸಾಕಾ? ತಿದ್ದಿ ಕೊಡಿ.

ಮಡಿಕೇರಿ ಮಂಜು (ಸೋಮವಾರ, ರಾತ್ರಿ 9:32)

ವಿನಂತಿ ಗಿನಂತಿ ಏನೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 30 ದಿನ ಅಂತ ಸ್ಪಷ್ಟವಾಗಿ ಇದೆ. ಅಂಗಡಿಯವರು 7 ದಿನ ಅಂತ ಬಿಲ್ಲಲ್ಲಿ ಹಾಕಿಕೊಂಡರೆ ಅದಕ್ಕೆ ಬೆಲೆ ಇಲ್ಲ. 30 ದಿನದೊಳಗೆ ತೆಗೆದುಕೊಳ್ಳಲೇಬೇಕು, ಇಲ್ಲ ಅಂದರೆ 1915ಕ್ಕೆ ಫೋನ್ ಮಾಡ್ತೇವೆ ಅಂತ ಪತ್ರದಲ್ಲೇ ಬರೆಯಿರಿ. ತಾನಾಗೇ ಬದಲಾಯಿಸಿ ಕೊಡ್ತಾರೆ.

ಕುಶಾಲನಗರ ಕಾವಲು (ಸೋಮವಾರ, ರಾತ್ರಿ 9:50)

ಆ್ಯಪಲ್ಲಿ ಆರ್ಡರ್ ಅಂತ ಇರುತ್ತಲ್ಲ, ಅದರೊಳಗೆ ಹೋಗಿ ರಿಟರ್ನ್ ಒತ್ತಿ, ಕಾರಣ "ಸೈಜ್ ದೊಡ್ಡದು" ಅಂತ ಕೊಡಿ. ಮನೆಗೇ ಬಂದು ತೆಗೊಂಡು ಹೋಗ್ತಾರೆ. ಪತ್ರ ಯಾಕೆ?

ಕಾವೇರಿ ತೀರ (ಸೋಮವಾರ, ರಾತ್ರಿ 9:58)

ಇಲ್ಲ ಅಣ್ಣ, ಆ್ಯಪಲ್ಲಿ ಅಲ್ಲ, ಅಂಗಡಿಗೇ ಹೋಗಿ ತೆಗೆದದ್ದು.

ಹಳೆ ಗುಮಾಸ್ತ (ಸೋಮವಾರ, ರಾತ್ರಿ 10:25)

ಮಂಜು ಅವರೇ, ನಾನು ವಕೀಲರ ಕಚೇರಿಯಲ್ಲಿ ಬಹಳ ವರ್ಷ ಕೂತವನು, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಆ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ, ಅದರಲ್ಲಿ 30 ದಿನದ ಮಾತೂ ಇದೆ. ಆದರೆ ಅದು ದೋಷ ಇರುವ ಸರಕಿಗೆ. ಅದೂ ಬಿಲ್ಲಿನಲ್ಲಿ ಅವಧಿ ಹಾಕಿಲ್ಲದಿದ್ದಾಗ ಮಾತ್ರ 30 ದಿನದ ಲೆಕ್ಕ. ಅಟ್ಟೆ ಬಿಟ್ಟುಕೊಂಡಿತು, ಹೊಲಿಗೆ ಕಿತ್ತುಹೋಯಿತು, ಒಂದು ಕಾಲಿಗೆ 8 ಇನ್ನೊಂದಕ್ಕೆ 9 ಹಾಕಿ ಕೊಟ್ಟರು, ಇಂಥದ್ದೆಲ್ಲ ದೋಷ. ನಾವೇ 9 ಕೇಳಿ, ಅವರು 9 ಕೊಟ್ಟು, ಕಾಲು 9 ಅಲ್ಲ ಅಂತಾದರೆ ಸರಕಿನಲ್ಲಿ ದೋಷ ಇಲ್ಲ. ಅದನ್ನು ಬದಲಾಯಿಸಿ ಕೊಡೋದು ಅಂಗಡಿಯವರ ಮಾತಿನ ಮೇಲೆ, ಬಿಲ್ಲಿನಲ್ಲಿ ಬರೆದದ್ದರ ಮೇಲೆ ನಿಂತಿದೆ.

ಹಾಗಾಗಿ ತಂಗೀ, ನಿನ್ನ ಪತ್ರ ಕಾನೂನಿನ ನೋಟೀಸಿನ ಥರ ಇರಬಾರದು. 7 ದಿನ ದಾಟಿದೆ ಅನ್ನೋದನ್ನು ನೀನೇ ಮೊದಲು ಹೇಳಿಬಿಡು. ಅದನ್ನು ಬಿಟ್ಟು ಬರೆದರೆ ಅವರು ತಾರೀಕು ನೋಡಿದ ಕೂಡಲೇ ಪತ್ರ ಮಡಚಿ ಕೊಡ್ತಾರೆ. ಹಬ್ಬಕ್ಕೆ ಕೊಡೋದು ಅಂತ ಹೇಳಿಯೇ ತೆಗೆದಿದ್ದೆ, ಹಬ್ಬದ ಮುಂಚೆ ಹಾಕಿ ನೋಡಲು ದಾರಿ ಇರಲಿಲ್ಲ, ಇದೇ ನಿನ್ನ ಗಟ್ಟಿ ಮಾತು.

ಮಡಿಕೇರಿ ಮಂಜು (ಸೋಮವಾರ, ರಾತ್ರಿ 10:41)

ದೋಷ ಇರಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಥ್ಯಾಂಕ್ಸ್ ಸಾರ್. ಆದರೂ ಹುಡುಗ ಬಾಯಲ್ಲಿ ಹೇಳಿದ್ದು ಅಂಗಡಿಯ ಮಾತೇ ಅಲ್ವಾ? ಆ ಹುಡುಗನ ಹೆಸರು ಹಾಕಿ ಬರೆಯಬೇಕು ಅಂತ ನನ್ನ ಅಭಿಪ್ರಾಯ.

ಇಪ್ಪತ್ತು ವರ್ಷ ಕೌಂಟರ್ (ಮಂಗಳವಾರ, ಬೆಳಗ್ಗೆ 6:45)

ನಾನು ಶೂ ಅಂಗಡಿಯಲ್ಲೇ ಇಪ್ಪತ್ತು ವರ್ಷ ನಿಂತವನು, ಇಂಥ ಪತ್ರ, ಚೀಟಿ, ಫೋನು ಎಲ್ಲ ನೋಡಿದ್ದೇನೆ. ಮೊದಲು ಒಂದು ಪ್ರಶ್ನೆ ಅಕ್ಕಾ. "ಶೂ ಬಳಸಿಲ್ಲ" ಅಂತ ಬರೆದಿದ್ದೀರಿ. ಮಾವ ಅದನ್ನು ಹಾಕಿ ಎಲ್ಲಿ ನಡೆದರು? ಸರಿಯಾಗಿ ನೆನಪು ಮಾಡಿ ಹೇಳಿ. ಶೂವನ್ನು ಬೆಳಕಿಗೆ ಹಿಡಿದು ಅಡಿ ನೋಡಿ.

ಕಾವೇರಿ ತೀರ (ಮಂಗಳವಾರ, ಬೆಳಗ್ಗೆ 8:05)

ಈಗ ಅತ್ತೆಗೆ ಫೋನ್ ಮಾಡಿ ಫೋಟೋ ತರಿಸಿದೆ. ಒಳಗೆ ಚಾಪೆ ಮೇಲೆ ಹಾಕಿಕೊಂಡರಂತೆ, ಆಮೇಲೆ ನೆರೆಯವರು ಬಂದಾಗ ತೋರಿಸಲಿಕ್ಕೆ ಅಂತ ಕಾಫಿ ಒಣಗಿಸೋ ಕಣದಲ್ಲಿ ಎರಡು ಸುತ್ತು ನಡೆದಿದ್ದಾರೆ. ಸಿಮೆಂಟಿನ ಕಣ. ಅಟ್ಟೆಯ ಗೆರೆಗಳ ಸಂದಿಯಲ್ಲಿ ಕಾಫಿ ಹೊಟ್ಟಿನ ಕಂದು ಪುಡಿ ಕೂತಿದೆ, ಹಿಮ್ಮಡಿ ಹತ್ತಿರ ಹೊಳಪು ಸ್ವಲ್ಪ ಹೋಗಿದೆ. ಮೇಲೆ ಏನೂ ಆಗಿಲ್ಲ ಅನ್ಸುತ್ತೆ. ಈಗ ಏನು ಮಾಡಲಿ?

ಇಪ್ಪತ್ತು ವರ್ಷ ಕೌಂಟರ್ (ಮಂಗಳವಾರ, ಬೆಳಗ್ಗೆ 8:40)

ಕೇಳಿದ್ದು ಒಳ್ಳೆಯದಾಯ್ತು. "ಬಳಸಿಲ್ಲ" ಅಂತ ಬರೆದ ಪತ್ರ ಓದಿ ಶೂ ತಿರುಗಿಸಿದಾಗ ಆ ಕಾಫಿ ಪುಡಿ ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ನೀವು ಹೇಳುವ ನಿಜವನ್ನೂ ನಂಬಲ್ಲ.

ಅಂಗಡಿಯವರು ಹೇಗೆ ನೋಡ್ತಾರೆ ಅಂತ ಹೇಳ್ತೇನೆ. ಕೈಗೆ ಬಂದ ಕೂಡಲೇ ಅಡಿ ತಿರುಗಿಸುತ್ತೇವೆ. ಆಮೇಲೆ ಬೆರಳು ಮಡಚುವ ಜಾಗ, ಅಂದರೆ ಲೇಸಿನ ಮುಂದುಗಡೆ, ಚರ್ಮದಲ್ಲಿ ಅಡ್ಡ ಗೆರೆ ಬಿದ್ದಿದೆಯಾ ನೋಡ್ತೇವೆ. ಅಡಿಯ ಪುಡಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ, ಆದರೆ ಆ ಮಡಿಕೆ ಗೆರೆ ಒಮ್ಮೆ ಬಿತ್ತು ಅಂದರೆ ಹೋಗಲ್ಲ. ಗೆರೆ ಬಿದ್ದ ಜೋಡಿಯನ್ನು ಮುಂದಿನ ಗಿರಾಕಿ ಹೊಸದು ಅಂತ ತೆಗೆಯೋದಿಲ್ಲ. ಕೊನೆಗೆ ಒಳಗಿನ ಅಚ್ಚು, ಹಿಮ್ಮಡಿ ಕೂರುವ ಜಾಗದಲ್ಲಿ ಕಂಪನಿ ಹೆಸರು ಉಜ್ಜಿಹೋಗಿದೆಯಾ ಅಂತ. ಒಂದು ದಿನ ಪೂರ್ತಿ ಹಾಕಿದ್ದರೆ ಅದು ಮಾಸುತ್ತೆ. ದೋಷ ಇದ್ದ ಜೋಡಿಯನ್ನು ಕಂಪನಿ ವಾಪಸ್ ತೆಗೆದುಕೊಳ್ಳುತ್ತೆ, ಸೈಜ್ ತಪ್ಪಿ ಬಂದದ್ದನ್ನು ಸಾಮಾನ್ಯವಾಗಿ ತೆಗೆದುಕೊಳ್ಳಲ್ಲ. ಅದು ಅಂಗಡಿಯಲ್ಲೇ ಮತ್ತೆ ಮಾರಾಟವಾಗಬೇಕು. ಮಾಲೀಕರು ಕಣ್ಣರಳಿಸಿ ನೋಡೋದು ಅದಕ್ಕೇ.

ಎರಡು ಸುತ್ತು ನಡೆದದ್ದಕ್ಕೆ ಗೆರೆ ಗಟ್ಟಿಯಾಗಿ ಬಿದ್ದಿರಲ್ಲ. ಅತ್ತೆಗೆ ಹೇಳಿ, ಹಿಂಡಿದ ಬಟ್ಟೆಯಲ್ಲಿ ಅಡಿ ಮಾತ್ರ ಒರೆಸಲಿ, ಸಂದಿಗೆ ಹಳೆ ಹಲ್ಲುಜ್ಜುವ ಬ್ರಷ್ಷು. ತೊಳೆಯೋದು ಬೇಡ, ಬಿಸಿಲಿಗೆ ಇಡೋದು ಬೇಡ, ಪಾಲಿಶ್ ಅಂತೂ ಬೇಡವೇ ಬೇಡ. ಪಾಲಿಶ್ ಹಾಕಿದರೆ ಹಳೇದನ್ನು ಹೊಸದು ಮಾಡಿ ತಂದಿದ್ದಾರೆ ಅಂತ ಅನುಮಾನ ಬರುತ್ತೆ. ಪತ್ರದಲ್ಲಿ ಕಣದಲ್ಲಿ ಎರಡು ಸುತ್ತು ನಡೆದದ್ದನ್ನು ಹಾಗೆಯೇ ಬರೆಯಿರಿ.

ತೋಟದ ಮನೆ (ಮಂಗಳವಾರ, ಮಧ್ಯಾಹ್ನ 1:15)

ನಮ್ಮ ಮನೆಯಲ್ಲೂ ಇದೇ ಆಗಿತ್ತು. ತಮ್ಮನಿಗೆ ಜೂನಲ್ಲಿ ಚರ್ಮದ ಶೂ ಕೊಟ್ಟೆವು, ಚಿಕ್ಕದಾಯ್ತು. ಮಳೆ ನಿಂತ ಮೇಲೆ ಹೋಗೋಣ ಅಂತ ಡಬ್ಬದಲ್ಲೇ ಇಟ್ಟೆವು. ಆಗಸ್ಟಲ್ಲಿ ತೆಗೆದರೆ ಒಳಗೂ ಹೊರಗೂ ಬಿಳಿ ಬೂಷ್ಟು. ಒಂದು ಸಲವೂ ಹೊರಗೆ ಹಾಕಿರಲಿಲ್ಲ, ಬಿಲ್ಲೂ ಇತ್ತು, ಆದರೂ ಅಂಗಡಿಯವರು ಮೂಗು ಮುಚ್ಚಿಕೊಂಡು ವಾಪಸ್ ಕಳಿಸಿದರು. ನಮ್ಮ ಕಡೆ ಮಳೆಗಾಲದಲ್ಲಿ ಚರ್ಮವನ್ನು ಡಬ್ಬದಲ್ಲಿ ಮುಚ್ಚಿಟ್ಟರೆ ಹೀಗೇ ಆಗೋದು. ನಿಮ್ಮದು ಡಿಸೆಂಬರ್, ಅಷ್ಟು ಭಯ ಇಲ್ಲ, ಆದರೂ ಇಬ್ಬನಿ ಬೀಳುವ ಕಾಲ. ಡಬ್ಬವನ್ನು ನೆಲದ ಮೇಲೆ ಇಡಬೇಡಿ, ಒಳಗೆ ಬರುವ ಆ ಸಣ್ಣ ಹರಳಿನ ಪೊಟ್ಟಣ ಬಿಸಾಡಬೇಡಿ.

ಇನ್ನೊಂದು ಮಾತು, ಬದಲಾಯಿಸೋದೇ ಬೇಡ ಅಕ್ಕಾ. ಒಳಗೆ ಒಂದು ಮೆತ್ತನೆ ಅಟ್ಟೆ ಹಾಕಿ, ಮುಂದೆ ಹತ್ತಿ ತುರುಕಿದರೆ ಸರಿಯಾಗುತ್ತೆ. ನಾನು ಹಾಗೇ ಮಾಡೋದು.

ಇಪ್ಪತ್ತು ವರ್ಷ ಕೌಂಟರ್ (ಮಂಗಳವಾರ, ಮಧ್ಯಾಹ್ನ 2:30)

ಬೂಷ್ಟಿನ ಮಾತು ನೂರಕ್ಕೆ ನೂರು ನಿಜ. ಒಳ ಅಟ್ಟೆಯ ಮಾತಿಗೆ ಒಂದು ಮಿತಿ ಇದೆ. ಅರ್ಧ ಸೈಜ್ ಸಡಿಲ ಇದ್ದರೆ ಅದು ಸಾಕು. ಪೂರ್ತಿ ಒಂದು ಸೈಜ್ ದೊಡ್ಡದಿದ್ದರೆ ಸಾಲದು, ಯಾಕೆಂದರೆ ಆಗ ಶೂ ಮಡಚುವ ಜಾಗ ಒಂದು ಕಡೆ, ಬೆರಳು ಮಡಚುವ ಜಾಗ ಇನ್ನೊಂದು ಕಡೆ ಆಗುತ್ತೆ. ವಯಸ್ಸಾದವರಿಗೆ ನಮ್ಮ ಏರುತಗ್ಗಿನ ದಾರಿಯಲ್ಲಿ ಇಳಿಯುವಾಗ ಕಾಲು ಮುಂದಕ್ಕೆ ಜಾರಿ ಮುಗ್ಗರಿಸ್ತಾರೆ.

ಅಕ್ಕಾ, ಮಾವನಿಗೆ ಎಷ್ಟು ಸೈಜ್ ದೊಡ್ಡದಾಗಿದೆ ಅಂತ ಮೊದಲು ತಿಳಿಯಬೇಕು. ಗಂಬೂಟು ನೋಡಿ ತೆಗೆದದ್ದೇ ತಪ್ಪಿಗೆ ಮೂಲ. ತೋಟದವರು ದಪ್ಪ ಕಾಲುಚೀಲ ಹಾಕ್ತಾರೆ, ಕೆಸರಲ್ಲಿ ಸಿಕ್ಕಿದಾಗ ಬೇಗ ಎಳೆದುಕೊಳ್ಳಲಿಕ್ಕೆ ಬರಬೇಕು ಅಂತ ಒಂದು ಸೈಜ್ ಜಾಸ್ತಿಯೇ ತೆಗೀತಾರೆ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ಶೂಗೆ ಹಾಕುವ ಕಾಲುಚೀಲವನ್ನೇ ಹಾಕಿಸಿ. ಗೋಡೆಗೆ ತಾಗಿಸಿ ಒಂದು ಕಾಗದ ಹಾಸಿ, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ. ಕೂತು ಅಳೆಯಬಾರದು, ಭಾರ ಬಿದ್ದಾಗ ಕಾಲು ಉದ್ದ ಆಗುತ್ತೆ. ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಗೆರೆ ಹಾಕಿ, ಎರಡೂ ಕಾಲು ಅಳೆಯಿರಿ. ಆಮೇಲೆ ಶೂ ಹಾಕಿ ಕಾಲನ್ನು ಪೂರ್ತಿ ಮುಂದಕ್ಕೆ ತಳ್ಳಲಿ, ಹಿಮ್ಮಡಿ ಹಿಂದೆ ಎಷ್ಟು ಬೆರಳು ಹಿಡಿಯುತ್ತೆ ನೋಡಿ. ಒಂದು ಬೆರಳು ಹಿಡಿದರೆ ಸರಿ.

ಕಾವೇರಿ ತೀರ (ಮಂಗಳವಾರ, ರಾತ್ರಿ 8:20)

ಅತ್ತೆ ಅಳೆದರು. ಬಲಗಾಲು 25.4 ಸೆಂಟಿಮೀಟರ್, ಎಡಗಾಲು 25.1. ಹಿಮ್ಮಡಿ ಹಿಂದೆ ಎರಡು ಬೆರಳು ಹಿಡಿಯಿತಂತೆ. ಪೆನ್ಸಿಲ್ ಇಟ್ಟು ಗುರುತು ಮಾಡಿ ಸ್ಕೇಲಲ್ಲಿ ನೋಡಿದಾಗ ಹತ್ತಿರ ಹತ್ತಿರ 20 ಮಿಲಿಮೀಟರ್. ಒಂದು ವಿಚಿತ್ರ ಅಂದರೆ, ಉದ್ದ ಇಷ್ಟು ಸಡಿಲ ಇದ್ದರೂ ಬಲಗಾಲಿನ ಹೆಬ್ಬೆರಳ ಬುಡದ ಗಂಟು ಮಾತ್ರ ಶೂಗೆ ಒತ್ತಿಕೊಂಡೇ ಇದೆ ಅಂತ ಈಗ ಹೇಳಿದರು. ಹಬ್ಬದ ದಿನ ಒಂದು ಮಾತೂ ಆಡಿರಲಿಲ್ಲ.

ಇಪ್ಪತ್ತು ವರ್ಷ ಕೌಂಟರ್ (ಮಂಗಳವಾರ, ರಾತ್ರಿ 9:05)

ಇದು ಗೊತ್ತಾಗದೆ ಪತ್ರ ಹೋಗಿದ್ದರೆ ಎರಡನೇ ಸಲವೂ ತಪ್ಪೇ ಆಗ್ತಿತ್ತು. ನಮ್ಮಲ್ಲಿ ನಡೆಯುವ ಯುಕೆ ಲೆಕ್ಕದಲ್ಲಿ ಒಂದು ಸೈಜ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಎಂಟೂವರೆ ಮಿಲಿಮೀಟರ್. 20ರಲ್ಲಿ ಎಂಟೂವರೆ ಹೋದರೆ ಹನ್ನೊಂದೂವರೆ ಉಳೀತು, ಅದು ಒಂದು ಬೆರಳಿನ ಜಾಗ. ಉದ್ದಕ್ಕೆ 8 ಸರಿ.

ಆದರೆ ಸೈಜ್ ಇಳಿದರೆ ಉದ್ದ ಮಾತ್ರ ಇಳಿಯಲ್ಲ, ಮುಂಗಾಲಿನ ಸುತ್ತಳತೆಯೂ ಸುಮಾರು ಕಾಲು ಇಂಚು ಇಳಿಯುತ್ತೆ. 9ರಲ್ಲೇ ಒತ್ತುವ ಗಂಟು ಅದೇ ಮಾಡೆಲಿನ 8ರಲ್ಲಿ ನೋಯುತ್ತೆ. ವರ್ಷಗಟ್ಟಲೆ ಬರಿಗಾಲಲ್ಲಿ, ಚಪ್ಪಲಿಯಲ್ಲಿ ನಡೆದವರ ಮುಂಗಾಲು ಅಗಲವಾಗಿರೋದು ಸಹಜ. ಹಾಗಾಗಿ "8 ಕೊಡಿ" ಅಂತ ಮಾತ್ರ ಬರೆಯಬೇಡಿ. ಇದೇ ಮಾಡೆಲಿನ 8 ಹಾಕಿ ನೋಡಿ ಗಂಟು ಒತ್ತಿದರೆ, ಮುಂದೆ ದುಂಡಗೆ ಅಗಲ ಇರುವ ಬೇರೆ ಮಾಡೆಲಿನ 8 ತೋರಿಸಿ ಅಂತ ಬರೆಯಿರಿ. ಕಾಲಿನ ಅಳತೆಯನ್ನು ಸೆಂಟಿಮೀಟರಲ್ಲೇ ಹಾಕಿ. ನಂಬರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತೆ, ಸೆಂಟಿಮೀಟರ್ ಆಗಲ್ಲ. ಡಬ್ಬದ ಚೀಟಿಯಲ್ಲಿ ಆರ್ಟಿಕಲ್ ನಂಬರ್ ಅಂತ ಇರುತ್ತಲ್ಲ, ಅದನ್ನೂ ಹಾಕಿ. ಕಪ್ಪು ಲೇಸ್ ಶೂ ಅಂದರೆ ಅಂಗಡಿಯಲ್ಲಿ ಹತ್ತು ಥರ ಇರುತ್ತೆ, ಆ ನಂಬರ್ ಇದ್ದರೆ ಹುಡುಗ ನೇರ ಹೋಗಿ ಡಬ್ಬ ತೆಗೀತಾನೆ.

ಹುಡುಗನ ಹೆಸರು ಹಾಕೋದು ನನಗೆ ಸರಿ ಕಾಣಲ್ಲ. ಮಾಲೀಕರ ಎದುರು ಅವನು ಬೈಸಿಕೊಳ್ತಾನೆ, ಆಮೇಲೆ "ನಾನು ಹಾಗೆ ಹೇಳಿಲ್ಲ" ಅಂತಾನೆ. "ನಿಮ್ಮ ಅಂಗಡಿಯಲ್ಲಿ ಹೇಳಿದ್ದರು" ಅಂದರೆ ಸಾಕು.

ಮಡಿಕೇರಿ ಮಂಜು (ಮಂಗಳವಾರ, ರಾತ್ರಿ 9:20)

ಇದನ್ನು ನಾನು ಒಪ್ಪಲ್ಲ ಸಾರ್. ಹೆಸರಿಲ್ಲದ ಮಾತಿಗೆ ಮಾಲೀಕರು "ಯಾರು ಹೇಳಿದ್ದು?" ಅಂತ ಕೇಳೇ ಕೇಳ್ತಾರೆ. ಆಗ ಆ ಹಿರಿಯರು ಏನು ಹೇಳಬೇಕು? ಅವರು ಅಂಗಡಿಗೆ ಹೋದವರೇ ಅಲ್ಲ.

ಸೋಮವಾರಪೇಟೆ ಅಜ್ಜಿ (ಬುಧವಾರ, ಬೆಳಗ್ಗೆ 5:55)

ಮಗಾ, ನಿನ್ನ ಮಾವ ಬಿಲ್ಲು ಹಿಡ್ಕೊಂಡು ಹೋದರೆ ಬೆಲೆ ನೋಡ್ತಾರೆ. ಅಷ್ಟು ದುಡ್ಡು ಯಾಕೆ ಹಾಕಿದೆ ಅಂತ ಮನಸ್ಸಲ್ಲೇ ಇಟ್ಟುಕೊಳ್ತಾರೆ, ಆಮೇಲೆ ಹಾಕಲ್ಲ. ನಮ್ಮ ಯಜಮಾನರೂ ಹಾಗೇ ಇದ್ದರು. ಬಿಲ್ಲನ್ನೂ ಪತ್ರವನ್ನೂ ಒಂದು ಕವರಲ್ಲಿ ಹಾಕಿ ಅಂಟಿಸಿ, ಮೇಲೆ ಮಾಲೀಕರಿಗೆ ಅಂತ ಬರೆದು ಕೊಡು. ಬೆಲೆ ಹೆಚ್ಚು ಕಡಿಮೆ ಆದರೆ ಅವರ ಕೈಯಿಂದ ಕೇಳಬೇಡಿ, ನಾನು ಕೊಡ್ತೇನೆ ಅಂತಲೂ ಬರಿ. ಡಬ್ಬದ ಮೇಲೂ ಬೆಲೆ ಇರುತ್ತೆ, ಅದನ್ನು ಕೀಳಬೇಡ, ಡಬ್ಬ ಹಾಳಾದರೆ ಅದಕ್ಕೊಂದು ತಕರಾರು ತೆಗೀತಾರೆ. ಬಟ್ಟೆ ಚೀಲದಲ್ಲಿ ಹಾಕಿಕೊಡು.

ಕಾವೇರಿ ತೀರ (ಬುಧವಾರ, ರಾತ್ರಿ 9:40)

ಅಜ್ಜೀ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಎಲ್ಲರ ಮಾತು ಸೇರಿಸಿ ಮತ್ತೆ ಬರೆದೆ. ನಾಳೆ ಊರಿಗೆ ಹೋಗುವ ಪಕ್ಕದ ಮನೆಯವರ ಕೈಲಿ ಬಿಲ್ಲಿನ ಜೊತೆ ಕವರಲ್ಲಿ ಕಳಿಸ್ತಾ ಇದ್ದೇನೆ.

"ಮಾನ್ಯ ಮಾಲೀಕರಿಗೆ ನಮಸ್ಕಾರಗಳು.

ಹುತ್ತರಿಗೆ ನಾಲ್ಕು ದಿನ ಮುಂಚೆ ನಿಮ್ಮಲ್ಲಿ ನನ್ನ ಸೋದರಮಾವನಿಗೆ ಉಡುಗೊರೆಯಾಗಿ ಕಪ್ಪು ಲೇಸ್ ಶೂ ತೆಗೆದುಕೊಂಡಿದ್ದೆ. ಸೈಜ್ 9. ಬಿಲ್ಲು ಇದರ ಜೊತೆ ಇದೆ, ಡಬ್ಬದ ಮೇಲಿನ ಆರ್ಟಿಕಲ್ ನಂಬರನ್ನು ಬಿಲ್ಲಿನ ಹಿಂದೆ ಬರೆದಿದ್ದೇನೆ. ಪತ್ರ ತಂದಿರುವವರು ಮಾವನೇ.

ಬಿಲ್ಲಿನಲ್ಲಿ 7 ದಿನ ಎಂದಿದೆ, ಅದು ದಾಟಿದೆ. ಹಬ್ಬಕ್ಕೆ ಕೊಡುವುದು ಎಂದು ತೆಗೆಯುವಾಗಲೇ ಹೇಳಿದ್ದೆ, ಹಬ್ಬ ಕಳೆದು ತನ್ನಿ ಎಂದು ನಿಮ್ಮ ಅಂಗಡಿಯಲ್ಲಿ ಹೇಳಿದ್ದರು. ಸೈಜ್ ತಪ್ಪಾದದ್ದು ನನ್ನಿಂದ, ಅವರ ಗಂಬೂಟು ನೋಡಿ ಹೇಳಿದ್ದೆ.

ಶೂವನ್ನು ಮನೆಯೊಳಗೆ ಹಾಕಿ ನೋಡಿದ್ದಾರೆ, ಸಿಮೆಂಟಿನ ಕಣದಲ್ಲಿ ಎರಡು ಸುತ್ತು ನಡೆದಿದ್ದಾರೆ. ಬೇರೆಲ್ಲೂ ಹಾಕಿಲ್ಲ. ಹಿಮ್ಮಡಿಯ ಅಡಿಯಲ್ಲಿ ಸ್ವಲ್ಪ ಹೊಳಪು ಹೋಗಿದೆ, ದಯವಿಟ್ಟು ನೀವೇ ನೋಡಿ.

ಅವರ ಬಲಗಾಲು 25.4 ಸೆಂಟಿಮೀಟರ್, ಎಡಗಾಲು 25.1. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಇದೆ. ಇದೇ ಮಾಡೆಲಿನ 8 ಹಾಕಿಸಿ ನೋಡಿ, ಒತ್ತಿದರೆ ಮುಂದೆ ಅಗಲ ಇರುವ ಬೇರೆ ಮಾಡೆಲಿನ 8 ತೋರಿಸಿ. ಅವರು ಸಂಕೋಚದವರು, ಸರಿ ಇಲ್ಲದಿದ್ದರೂ ಸರಿ ಇದೆ ಎನ್ನುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ನೋಡಬೇಕಾಗಿ ಕೋರುತ್ತೇನೆ.

ಬೆಲೆ ಹೆಚ್ಚಾದರೆ ಅವರಲ್ಲಿ ಕೇಳದೆ ನನಗೆ ಫೋನ್ ಮಾಡಿ, ಕೂಡಲೇ ಕಳಿಸುತ್ತೇನೆ. ಈಗ ಸ್ಟಾಕ್ ಇಲ್ಲದಿದ್ದರೆ ತರಿಸಿ ಕೊಟ್ಟರೂ ಆಯಿತು. ಹಣ ವಾಪಸ್ ಬೇಡ.

ಇಂತಿ ನಮಸ್ಕಾರಗಳು."

ಅಡಿಯಲ್ಲಿ ನನ್ನ ಹೆಸರು, ಫೋನ್ ನಂಬರ್ ಇದೆ.

ಹಳೆ ಗುಮಾಸ್ತ (ಬುಧವಾರ, ರಾತ್ರಿ 10:10)

ಚೆನ್ನಾಗಿದೆ. ಒಂದು ಕೆಲಸ ಮಾಡು, ಪತ್ರದ್ದೂ ಬಿಲ್ಲಿನದ್ದೂ ಫೋಟೋ ತೆಗೆದು ಇಟ್ಟುಕೋ. ಕೈಬಿಟ್ಟ ಬಿಲ್ಲು ಮತ್ತೆ ಸಿಗಲ್ಲ.

ಇಪ್ಪತ್ತು ವರ್ಷ ಕೌಂಟರ್ (ಬುಧವಾರ, ರಾತ್ರಿ 10:30)

ನಾಲ್ಕು ಹೆಜ್ಜೆ ನಡೆಸಿ ನೋಡಿ ಅಂತ ಬರೆದದ್ದು ಬಹಳ ಒಳ್ಳೇದಾಯ್ತು ಅಕ್ಕಾ. ಸಂತೆ ದಿನ ಕಳಿಸಬೇಡಿ, ಭಾನುವಾರವೂ ಬೇಡ. ಗಲಾಟೆ ಇದ್ದಾಗ ಪತ್ರ ಓದುವಷ್ಟು ಪುರುಸೊತ್ತು ಯಾರಿಗೂ ಇರಲ್ಲ. ಮಧ್ಯಾಹ್ನ ಊಟ ಆದ ಮೇಲೆ, ಮೂರು ಗಂಟೆ ಹೊತ್ತಿಗೆ ಹೋದರೆ ಕೂರಿಸಿ ತೋರಿಸ್ತಾರೆ.

ಕಾವೇರಿ ತೀರ (ಮುಂದಿನ ಮಂಗಳವಾರ, ರಾತ್ರಿ 8:50)

ಮಾವ ನಿನ್ನೆ ಹೋಗಿ ಬಂದರು. ಮಾಲೀಕರು ಪತ್ರವನ್ನು ಎರಡು ಸಲ ಓದಿದರಂತೆ, ಶೂ ತಿರುಗಿಸಿ ನೋಡಿ ಏನೂ ಹೇಳಲಿಲ್ಲವಂತೆ. ಅದೇ ಮಾಡೆಲಿನ 8 ಹಾಕಿಸಿದರು, ಕೌಂಟರ್ ಅಣ್ಣ ಹೇಳಿದ ಹಾಗೇ ಗಂಟು ಒತ್ತಿತು. ಮಾವ "ಇದೇ ಸಾಕು" ಅಂದರೂ ಮಾಲೀಕರೇ ಬಿಡದೆ ಅಂಗಡಿಯ ಬಾಗಿಲವರೆಗೆ ನಡೆಸಿ, "ಕುಂಟ್ತಾ ಇದ್ದೀರಲ್ಲ" ಅಂತ ಬಿಚ್ಚಿಸಿದರಂತೆ. ಮುಂದೆ ದುಂಡಗಿರುವ ಇನ್ನೊಂದು ಮಾಡೆಲ್ ಸರಿಯಾಯ್ತು, ಆದರೆ 8ರಲ್ಲಿ ಕಂದು ಬಣ್ಣ ಮಾತ್ರ ಇತ್ತು. ಕಪ್ಪು ಮೈಸೂರಿಂದ ತರಿಸಬೇಕಂತೆ, ಒಂದು ವಾರ. ನನಗೆ ಫೋನ್ ಮಾಡಿ 260 ರೂಪಾಯಿ ಹೆಚ್ಚು ಅಂದರು, ಕೂಡಲೇ ಕಳಿಸಿದೆ. ಹಳೆ ಜೋಡಿ ಅವರ ಹತ್ತಿರವೇ ಇದೆ. ಬಿಲ್ಲಿನ ಹಿಂದೆ "1,890 ಜಮಾ, ಕಪ್ಪು 8 ಕೊಡಬೇಕು" ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ.

ಹುಡುಗನ ಬಗ್ಗೆ ಮಾಲೀಕರು ಕೇಳಲೇ ಇಲ್ಲವಂತೆ.

ಮಡಿಕೇರಿ ಮಂಜು (ಮಂಗಳವಾರ, ರಾತ್ರಿ 9:02)

ಈ ಮಾಲೀಕರು ಒಳ್ಳೆಯವರು, ಕೇಳಲಿಲ್ಲ. ಎಲ್ಲರೂ ಹೀಗಿರಲ್ಲ. ಹೆಸರು ಹಾಕಬೇಕು ಅಂತಲೇ ನಾನು ಈಗಲೂ ಹೇಳೋದು.

ಇಪ್ಪತ್ತು ವರ್ಷ ಕೌಂಟರ್ (ಮಂಗಳವಾರ, ರಾತ್ರಿ 9:15)

ಅಕ್ಕಾ, ಬಿಲ್ಲಿನ ಹಿಂದೆ ಬರೆದದ್ದರಲ್ಲಿ ತಾರೀಕು ಇದೆಯಾ? ಕಳಿಸಿದ 260 ಅದರಲ್ಲಿ ಸೇರಿದೆಯಾ? ಕಪ್ಪು ಬರದೇ ಹೋದರೆ ಆ ಚೀಟಿಯೇ ನಿಮ್ಮ ಕೈಲಿ ಉಳಿಯೋದು.

ಕಾವೇರಿ ತೀರ (ಮಂಗಳವಾರ, ರಾತ್ರಿ 9:31)

ಫೋಟೋ ತರಿಸಿ ನೋಡಿದೆ ಅಣ್ಣ. ತಾರೀಕು ಇಲ್ಲ, 260 ಕೂಡ ಬರೆದಿಲ್ಲ. ನಾಳೆ ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಮಾಲೀಕರಿಗೆ ಫೋನ್ ಮಾಡಿ, ಒಟ್ಟು 2,150 ಅಂತ ತಾರೀಕು ಸಮೇತ ಒಂದು ಮೆಸೇಜ್ ಹಾಕಿ ಅಂತ ಕೇಳ್ತೇನೆ. ಹಣ ಕಳಿಸಿದ್ದು ನನ್ನ ಫೋನಲ್ಲಿ ಇದೆ. ಮಾವ ಕಂದು ಬಣ್ಣವೂ ಚೆನ್ನಾಗಿತ್ತು ಅಂತ ಅತ್ತೆ ಹತ್ತಿರ ಎರಡು ಸಲ ಹೇಳಿದ್ದಾರಂತೆ, ಅದನ್ನೂ ಕೇಳಬೇಕು.